ಒಂದು ಪಿಂಟ್ ರಕ್ತ ಎಂದರೆ ಎಷ್ಟು ಮಿಲಿಲೀಟರ್?

ಅಮೆರಿಕದಲ್ಲಿರುವ ಮಗಳು ಫೋನು ಮಾಡಿ, ‘ಅಪ್ಪಾ, ಇವತ್ತು ಒಂದು ಪಿಂಟ್ ರಕ್ತ ಕೊಟ್ಟು ಬಂದೆ’ ಎಂದಳು ಅನ್ನಿ. ಹಾಸನದಲ್ಲಿ ಕೂತ ಅಪ್ಪನಿಗೆ ಪಿಂಟ್ ಎಂದರೆ ಎಷ್ಟು ಎಂಬ ಅಂದಾಜಿಲ್ಲ. ಮನೆಯಲ್ಲಿದ್ದ ಹಳೆಯ ಇಂಗ್ಲಿಷ್ ನಿಘಂಟು ತೆಗೆದು ನೋಡಿದರೆ ಅದರಲ್ಲಿ 568 ಮಿಲಿಲೀಟರ್ ಎಂದಿದೆ. ತಾನು ವರ್ಷಕ್ಕೆರಡು ಸಲ ಶಿಬಿರದಲ್ಲಿ ಕೊಡುವುದು 350 ಮಿ.ಲೀ. ಐವತ್ತೆರಡು ಕೆ.ಜಿ. ತೂಗುವ ಮಗಳಿಂದ 568 ಮಿ.ಲೀ. ತೆಗೆದರೇ? ಆ ಅಪ್ಪ ಗಾಬರಿಯಾದರೆ ತಪ್ಪೇನಿಲ್ಲ. ಆದರೆ ಅಷ್ಟು ರಕ್ತವನ್ನು ಅಲ್ಲಿ ಯಾರೂ ತೆಗೆದಿಲ್ಲ. ನಿಘಂಟೂ ಸುಳ್ಳು ಹೇಳಿಲ್ಲ, ಮಗಳೂ ಸುಳ್ಳು ಹೇಳಿಲ್ಲ.

ಪಿಂಟನ್ನು ಮಿಲಿಲೀಟರಿಗೆ ಬದಲಿಸುವುದು ಒಂದು ಗುಣಾಕಾರದಲ್ಲಿ ಮುಗಿಯುವ ಲೆಕ್ಕ. ರಕ್ತದಾನದ ವಿಷಯದಲ್ಲಿ ಮಾತ್ರ ಆ ಗುಣಾಕಾರಕ್ಕೆ ಮೊದಲು ಎರಡು ವಿಷಯ ಗೊತ್ತಿರಬೇಕು. ಅದು ಯಾವ ದೇಶದ ಪಿಂಟ್? ಮತ್ತು ಹೇಳಿದವರು ನಿಜಕ್ಕೂ ಅಳತೆಯನ್ನು ಹೇಳುತ್ತಿದ್ದಾರೋ, ‘ಒಂದು ಸಲದ ದಾನ’ ಎಂಬುದಕ್ಕೆ ಬಳಕೆಯಲ್ಲಿರುವ ಹೆಸರನ್ನು ಹೇಳುತ್ತಿದ್ದಾರೋ?

ಮೊದಲನೆಯದು ಸುಲಭ. ಪಿಂಟ್ ಎಂದರೆ ಗ್ಯಾಲನ್ನಿನ ಎಂಟನೇ ಒಂದು ಪಾಲು. ಇದರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಭಿನ್ನಾಭಿಪ್ರಾಯವಿಲ್ಲ. ವ್ಯತ್ಯಾಸ ಇರುವುದು ಗ್ಯಾಲನ್ನಿನಲ್ಲೇ. ಇಂಗ್ಲೆಂಡಿನಲ್ಲಿ ರಾಣಿ ಆ್ಯನ್ ಕಾಲದಲ್ಲಿ, 1707ರಲ್ಲಿ, ದ್ರಾಕ್ಷಾರಸ ಅಳೆಯುವ ಗ್ಯಾಲನ್ ಎಂದರೆ 231 ಘನ ಅಂಗುಲ ಎಂದು ಗೊತ್ತುಮಾಡಿದ್ದರು. ಅಮೆರಿಕ ಸ್ವತಂತ್ರವಾದ ಮೇಲೂ ಅದನ್ನೇ ಇಟ್ಟುಕೊಂಡಿತು. ಬ್ರಿಟನ್ ಮಾತ್ರ 1824ರಲ್ಲಿ ಹಳೆಯ ಗ್ಯಾಲನ್ನುಗಳನ್ನೆಲ್ಲ ಕೈಬಿಟ್ಟು, ಹತ್ತು ಪೌಂಡ್ ನೀರು ಹಿಡಿಯುವಷ್ಟು ಜಾಗವೇ ಇನ್ನು ಮುಂದೆ ಒಂದು ಗ್ಯಾಲನ್ ಎಂದು ಹೊಸ ಕಾನೂನು ಮಾಡಿತು.

ಎರಡನ್ನೂ ನಾವೇ ಲೆಕ್ಕ ಹಾಕಿ ನೋಡಬಹುದು. 231 ಘನ ಅಂಗುಲವನ್ನು ಎಂಟರಿಂದ ಭಾಗಿಸಿದರೆ 28.875. ಒಂದು ಘನ ಅಂಗುಲಕ್ಕೆ 16.387 ಮಿ.ಲೀ. ಹಾಗಾಗಿ ಅಮೆರಿಕದ ಪಿಂಟ್ 473 ಮಿ.ಲೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಬ್ರಿಟನ್ನಿನ ಹತ್ತು ಪೌಂಡ್ ನೀರನ್ನು ಎಂಟು ಪಾಲು ಮಾಡಿದರೆ ಒಂದೂಕಾಲು ಪೌಂಡ್, ಅಂದರೆ ಸುಮಾರು 567 ಗ್ರಾಂ ನೀರು. ಅದು ಹಿಡಿಯುವ ಜಾಗ 568 ಮಿ.ಲೀ. ನೆನಪಿಡಲು ಅರ್ಧ ಲೀಟರನ್ನು ನಡುವೆ ಇಟ್ಟುಕೊಳ್ಳಿ. ಅಮೆರಿಕದ ಪಿಂಟ್ ಅರ್ಧ ಲೀಟರಿಗಿಂತ 27 ಮಿ.ಲೀ. ಕಡಿಮೆ, ಬ್ರಿಟನ್ನಿನದು 68 ಮಿ.ಲೀ. ಹೆಚ್ಚು. ಎರಡರ ನಡುವಿನ ಅಂತರ 95 ಮಿ.ಲೀ. ಹಾಲಿನ ವಿಷಯದಲ್ಲಾದರೆ ಇದು ದೊಡ್ಡ ಸಂಗತಿಯಲ್ಲ. ಒಬ್ಬರ ಮೈಯಿಂದ ತೆಗೆಯುವ ರಕ್ತದ ವಿಷಯದಲ್ಲಿ ದೊಡ್ಡದು.

ನಮ್ಮ ಬೆಂಗಳೂರಿನ ಬಾರುಗಳಲ್ಲಿ ಪಿಂಟ್ ಎಂದು ಕೇಳಿದರೆ 330 ಮಿ.ಲೀ. ಬಿಯರಿನ ಸಣ್ಣ ಬಾಟಲಿ ಕೊಡುತ್ತಾರೆ. ಅದು ವ್ಯಾಪಾರದ ರೂಢಿಯ ಮಾತು, ಮೇಲಿನ ಎರಡು ಅಳತೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಕನ್ನಡದ ಓದುಗರಲ್ಲಿ ಹಲವರಿಗೆ ಪಿಂಟ್ ಎಂದಕೂಡಲೇ ಕಣ್ಣ ಮುಂದೆ ಬರುವುದು ಅದೇ ಆದ್ದರಿಂದ ಹೇಳಬೇಕಾಯಿತು.

ಇನ್ನು ಎರಡನೆಯ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲಿ. ಅಮೆರಿಕದ ರಕ್ತದಾನ ಕೇಂದ್ರಗಳು ದಾನಿಗಳಿಗೆ ‘ಸುಮಾರು ಒಂದು ಪಿಂಟ್’ ಎಂದು ಹೇಳುತ್ತವೆ. ಆದರೆ ಅಲ್ಲಿ ಬಳಸುವ ಚೀಲಗಳು 450 ಅಥವಾ 500 ಮಿ.ಲೀ. ರಕ್ತಕ್ಕೆಂದು ಮಾಡಿದವು. ಸರಿಯಾಗಿ 473 ಮಿ.ಲೀ.ಗೆ ಮಾಡಿದ ಚೀಲ ಇಲ್ಲ. 450ನ್ನು 473ರಿಂದ ಭಾಗಿಸಿದರೆ 0.95 ಪಿಂಟ್, 500ನ್ನು ಭಾಗಿಸಿದರೆ 1.06 ಪಿಂಟ್. ಎರಡೂ ಒಂದಕ್ಕೆ ಹತ್ತಿರ ಇರುವುದರಿಂದ ಆಡುಮಾತಿನಲ್ಲಿ ಪಿಂಟ್ ಎನ್ನುವುದು ನಡೆಯುತ್ತದೆ. ಹಾಸನದ ಅಪ್ಪನ ಮಗಳು ಕೊಟ್ಟದ್ದು ಹೀಗೆ 450 ಅಥವಾ 500 ಮಿ.ಲೀ.; 568 ಖಂಡಿತ ಅಲ್ಲ.

ಬ್ರಿಟನ್ನಿನ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿನ ಸರ್ಕಾರಿ ರಕ್ತಸೇವೆ ಒಬ್ಬರಿಂದ ತೆಗೆದುಕೊಳ್ಳುವುದು 470 ಮಿ.ಲೀ. ಆ ದೇಶದ ಪಿಂಟಿನ ಲೆಕ್ಕದಲ್ಲಿ ಇದು 0.83 ಪಿಂಟ್, ಅಂದರೆ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಅಮೆರಿಕದ ಲೆಕ್ಕದಲ್ಲಾದರೆ ಇದೇ 470 ಹೆಚ್ಚುಕಡಿಮೆ ಪೂರ್ತಿ ಒಂದು ಪಿಂಟ್! ಆದರೂ ಬ್ರಿಟನ್ನಿನ ಜನ ‘ಒಂದು ಪಿಂಟ್ ರಕ್ತ ಕೊಟ್ಟೆ’ ಎನ್ನುತ್ತಾರೆ. ಈ ಮಾತಿಗೆ ಬಾಟಲಿಗಳ ಹಿನ್ನೆಲೆಯಿದೆ. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ, 1939ರಲ್ಲಿ, ಡಾ. ಜಾನೆಟ್ ವಾನ್ ಮತ್ತು ಅವರ ಜೊತೆಗಾರರು ಲಂಡನ್ನಿನ ಸುತ್ತ ರಕ್ತ ಸಂಗ್ರಹದ ಡಿಪೋಗಳನ್ನು ಕಟ್ಟಿದಾಗ ಬಳಸಿದ್ದು ಹಾಲಿನ ಬಾಟಲಿಯನ್ನೇ ಮಾರ್ಪಡಿಸಿ ಮಾಡಿದ ಗಾಜಿನ ಬಾಟಲಿಗಳನ್ನು. ಆ ಬಾಟಲಿ ತುಂಬ ರಕ್ತವೊಂದೇ ಇರುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣವೂ ಅದರಲ್ಲಿ ಜಾಗ ಹಿಡಿಯುತ್ತಿತ್ತು. ನಮ್ಮಲ್ಲೂ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ಕಾಲವಾದರೂ ಹಳ್ಳಿ ಕಡೆ ‘ಎರಡು ಬಾಟ್ಲಿ ರಕ್ತ ಹಾಕಿದ್ರು’ ಎಂಬ ಮಾತು ನಿಂತಿಲ್ಲ. ಬಾಟ್ಲಿಯಿಂದ ಮಿಲಿಲೀಟರ್ ಲೆಕ್ಕ ತೆಗೆಯಲು ಯಾರೂ ಹೋಗುವುದಿಲ್ಲ. ಪಿಂಟ್ ಎಂಬ ಮಾತಿಗೂ ಹಲವು ಸಲ ಅಷ್ಟೇ ಬೆಲೆ ಕೊಡಬೇಕು.

ಆದ್ದರಿಂದ ನನ್ನ ಸಲಹೆ ಇದು. ‘ಒಂದು ಪಿಂಟ್ ದಾನ ಮಾಡಿದೆ’ ಎಂಬ ವಾಕ್ಯ ಕಂಡರೆ ಗುಣಿಸಲು ಹೋಗಬೇಡಿ. ಆ ದೇಶದ ಚೀಲ ಎಷ್ಟರದು ಎಂದು ನೋಡಿ ಅದನ್ನೇ ಬರೆಯಿರಿ. ‘ಮನುಷ್ಯನ ದೇಹದಲ್ಲಿ ಹತ್ತು ಪಿಂಟ್ ರಕ್ತವಿದೆ’ ಎಂಬಂಥ ಅಳತೆಯ ವಾಕ್ಯವಾದರೆ ಮಾತ್ರ ಗುಣಿಸಬೇಕು. ಅಲ್ಲಿಯೂ ಬರೆದವರು ಅಮೆರಿಕದವರಾದರೆ 4.7 ಲೀಟರ್, ಬ್ರಿಟನ್ನಿನವರಾದರೆ 5.7 ಲೀಟರ್, ಪೂರ್ತಿ ಒಂದು ಲೀಟರಿನ ವ್ಯತ್ಯಾಸ. ಸಾಮಾನ್ಯ ಮೈಕಟ್ಟಿನ ವಯಸ್ಕರಲ್ಲಿ ರಕ್ತ ಐದು ಲೀಟರಿನ ಆಸುಪಾಸು. ‘ಹತ್ತು ಪಿಂಟ್’ ಎಂಬುದನ್ನು ಅಮೆರಿಕದ ಪಿಂಟೆಂದು ಓದಿದರೆ ಅದಕ್ಕೆ ಹೊಂದುತ್ತದೆ.

ಚೀಲದ ಅಳತೆಯನ್ನು ಪಿಂಟಿಗೆ ಸರಿಹೊಂದುವ ಹಾಗೆ ಯಾಕೆ ಮಾಡಲಿಲ್ಲ ಎಂದು ಕೇಳಬಹುದು. ಚೀಲದ ಒಳಗೇ ಇದಕ್ಕೆ ಉತ್ತರವಿದೆ. ಖಾಲಿ ಎಂದು ನಾವು ಅಂದುಕೊಳ್ಳುವ ರಕ್ತದ ಚೀಲ ಖಾಲಿ ಇರುವುದಿಲ್ಲ. ಕಾರ್ಖಾನೆಯಲ್ಲೇ ಅದಕ್ಕೆ ಸಿಟ್ರೇಟ್, ಫಾಸ್ಫೇಟ್, ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ, ಅಡಿನೀನ್ ಸೇರಿದ ದ್ರಾವಣವನ್ನು ತುಂಬಿರುತ್ತಾರೆ. ಸಿಟ್ರೇಟ್ ರಕ್ತದಲ್ಲಿರುವ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಹೆಪ್ಪುಗಟ್ಟದಂತೆ ತಡೆಯುತ್ತದೆ. ಉಳಿದವು ಕೆಂಪು ಕಣಗಳನ್ನು ಬದುಕಿಸಿಡುತ್ತವೆ. ಈ ದ್ರಾವಣದ ಪ್ರಮಾಣ 100 ಮಿ.ಲೀ. ರಕ್ತಕ್ಕೆ 14 ಮಿ.ಲೀ. ಹಾಗಾಗಿ 350 ಮಿ.ಲೀ. ಚೀಲದಲ್ಲಿ 49, 450ರದರಲ್ಲಿ 63, 500ರದರಲ್ಲಿ 70 ಮಿ.ಲೀ. ಇರುತ್ತದೆ. ಚೀಲವನ್ನು ತಯಾರಿಸಿದ ದಿನವೇ ಅದರೊಳಗೆ ಎಷ್ಟು ರಕ್ತ ಬೀಳಬೇಕು ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ.

ಇದನ್ನು ಮೀರಿದರೆ ಏನಾಗುತ್ತದೆ? 450ರ ಚೀಲಕ್ಕೆ ಯಾರೋ ಬ್ರಿಟನ್ನಿನ ಪಿಂಟ್ ಎಂದುಕೊಂಡು 568 ಮಿ.ಲೀ. ಬಿಟ್ಟರೆನ್ನಿ. ಆಗ 100 ಮಿ.ಲೀ.ಗೆ 11 ಮಿ.ಲೀ. ದ್ರಾವಣ ಮಾತ್ರ ಸಿಗುತ್ತದೆ. ಸಿಟ್ರೇಟ್ ಸಾಲದೆ ಚೀಲದಲ್ಲಿ ಸಣ್ಣ ಸಣ್ಣ ಹೆಪ್ಪುಗಳಾಗಬಹುದು. ದಾನಿಯ ಮೈಯಿಂದಲೂ ಮಿತಿ ಮೀರಿ ರಕ್ತ ಹೋಗಿರುತ್ತದೆ. ತದ್ವಿರುದ್ಧವಾಗಿ ಸೂಜಿ ಜರುಗಿಯೋ ದಾನಿಗೆ ತಲೆಸುತ್ತು ಬಂದೋ 300 ಮಿ.ಲೀ.ಗೆ ನಿಲ್ಲಿಸಬೇಕಾದರೆ ಅದೇ 63 ಮಿ.ಲೀ. ದ್ರಾವಣ ಕಡಿಮೆ ರಕ್ತದೊಂದಿಗೆ ಸೇರಿ 100ಕ್ಕೆ 21 ಆಗುತ್ತದೆ. ಅಂಥ ಚೀಲದ ಪ್ಲಾಸ್ಮಾದಲ್ಲಿ ಸಿಟ್ರೇಟ್ ಅತಿಯಾಗಿರುವುದರಿಂದ ಅದನ್ನು ರೋಗಿಗೆ ಬಳಸುವುದಿಲ್ಲ. ಈ ಕಾರಣಕ್ಕೇ ಚೀಲದ ಮೇಲೆ ಬರೆದ ಅಳತೆಯಿಂದ ನೂರಕ್ಕೆ ಹತ್ತರಷ್ಟು ಮೇಲೆ ಕೆಳಗೆ ಹೋಗಲು ಮಾತ್ರ ಅವಕಾಶ. 450ರ ಚೀಲಕ್ಕೆ 405ರಿಂದ 495ರವರೆಗೆ, 350ರದಕ್ಕೆ 315ರಿಂದ 385ರವರೆಗೆ. ಅಮೆರಿಕದ ಪಿಂಟ್ 473 ಈ ಮೊದಲನೇ ಮಿತಿಯೊಳಗೆ ಆರಾಮವಾಗಿ ಕೂರುತ್ತದೆ. ಬ್ರಿಟನ್ನಿನ 568 ಆಚೆಗೆ ಬೀಳುತ್ತದೆ; 500ರ ಚೀಲದ ಮೇಲ್ಮಿತಿ 550ನ್ನೂ ಅದು ದಾಟುತ್ತದೆ.

ಹತ್ತು ಪ್ರತಿಶತ ಹೆಚ್ಚುಕಡಿಮೆ ಒಪ್ಪುವ ಕಡೆ 473.176 ಎಂದು ಮೂರು ದಶಾಂಶ ಸ್ಥಾನದವರೆಗೆ ಬರೆಯುವುದರಲ್ಲಿ ಅರ್ಥವಿಲ್ಲ. ಅನುವಾದಿತ ಆರೋಗ್ಯ ಲೇಖನಗಳಲ್ಲಿ ‘ದಾನಿಯಿಂದ 473.18 ಮಿ.ಲೀ. ರಕ್ತ ಪಡೆಯಲಾಗುತ್ತದೆ’ ಎಂಬಂಥ ವಾಕ್ಯ ಕಂಡರೆ, ಮೂಲದಲ್ಲಿ ‘ಸುಮಾರು ಒಂದು ಪಿಂಟ್’ ಎಂದಿದ್ದನ್ನು ಯಂತ್ರದಂತೆ ಗುಣಿಸಿದ್ದಾರೆ ಎಂದು ತಿಳಿಯಬಹುದು. ‘ಸುಮಾರು’ ಎಂಬ ಮಾತನ್ನು ಬಿಟ್ಟು ದಶಾಂಶವನ್ನು ಉಳಿಸಿಕೊಂಡರೆ ಓದುಗರಿಗೆ ಸಿಗುವುದು ಇಲ್ಲದ ನಿಖರತೆ.

ಶಿಬಿರದಲ್ಲಿ ರಕ್ತ ಕೊಟ್ಟವರು ಚೀಲದ ಕೆಳಗಿನ ಪುಟ್ಟ ಯಂತ್ರವನ್ನು ನೋಡಿರುತ್ತಾರೆ. ಚೀಲವನ್ನು ಅತ್ತಿತ್ತ ತೂಗಾಡಿಸುತ್ತ ರಕ್ತವನ್ನು ದ್ರಾವಣದ ಜೊತೆ ಬೆರೆಸುತ್ತದೆ; ಹೇಳಿದ ಅಳತೆ ಮುಟ್ಟಿದೊಡನೆ ಬೀಪ್ ಎಂದು ಕೂಗಿ ಕೊಳವೆಯನ್ನು ತಾನೇ ಹಿಸುಕಿ ಹಿಡಿಯುತ್ತದೆ. ಅದರ ಪರದೆಯ ಮೇಲೆ ಮಿಲಿಲೀಟರ್ ಕಾಣಿಸಿದರೂ ಯಂತ್ರ ನಿಜಕ್ಕೂ ಅಳೆಯುತ್ತಿರುವುದು ತೂಕವನ್ನು. ಮೆತ್ತನೆಯ ಚೀಲದಲ್ಲಿ ಗಾತ್ರ ಅಳೆಯಲು ಗೆರೆ ಹಾಕಲಾಗದು, ತೂಗುವುದು ಸುಲಭ. ಯಂತ್ರವಿಲ್ಲದ ಕಡೆ ಸಾದಾ ತಕ್ಕಡಿಯಲ್ಲಿ ತೂಗಿ ನೋಡುತ್ತಾರೆ. ಹಾಗಾಗಿ ಪಿಂಟಿನಿಂದ ಮಿಲಿಲೀಟರಿಗೆ ಹೋಗುವ ದಾರಿಯಲ್ಲಿ ಗ್ರಾಂ ಎಂಬ ಮೂರನೆಯದೂ ಬರುತ್ತದೆ.

ನೀರಾಗಿದ್ದರೆ ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್. ರಕ್ತ ನೀರಿಗಿಂತ ಭಾರ, ಒಂದು ಮಿ.ಲೀ. ಸುಮಾರು 1.06 ಗ್ರಾಂ ತೂಗುತ್ತದೆ. ಇದು ದಾನಿಗಳು ಕಣ್ಣಾರೆ ಕಾಣುವ ಸಂಗತಿ ಕೂಡ. ರಕ್ತ ಕೊಡುವ ಮೊದಲು ಬೆರಳು ಚುಚ್ಚಿ, ಒಂದು ಹನಿಯನ್ನು ನೀಲಿ ದ್ರಾವಣದಲ್ಲಿ ಬಿಡುತ್ತಾರಲ್ಲ, ಅದು ಮೈಲುತುತ್ತದ ದ್ರಾವಣ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಔಷಧಿಯಲ್ಲಿ ಹಾಕುವುದೂ ಇದನ್ನೇ. ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಸರಿಮಾಡಿಟ್ಟಿರುತ್ತಾರೆ. ಹಿಮೊಗ್ಲೋಬಿನ್ 12.5 ಗ್ರಾಂ ಇರುವ ರಕ್ತದ ಸಾಂದ್ರತೆಯೂ ಅಷ್ಟೇ. ಹನಿ ಮುಳುಗಿದರೆ ರಕ್ತ ಅದಕ್ಕಿಂತ ಗಟ್ಟಿಯಾಗಿದೆ ಎಂದರ್ಥ, ದಾನಕ್ಕೆ ಒಪ್ಪಿಗೆ.

ಈಗ ಒಂದು ಚೀಲದ ಲೆಕ್ಕವನ್ನು ಪೂರ್ತಿ ಮಾಡೋಣ. 450ರ ಚೀಲ, ದ್ರಾವಣ, ಕೊಳವೆ, ಸೂಜಿ ಎಲ್ಲ ಸೇರಿ ರಕ್ತ ತುಂಬುವ ಮೊದಲು 110 ಗ್ರಾಂ ಇತ್ತೆಂದು ಇಟ್ಟುಕೊಳ್ಳಿ. (ಇದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಆದ್ದರಿಂದ ಖಾಲಿ ಚೀಲವನ್ನು ಮೊದಲು ತೂಗಲೇಬೇಕು.) ರಕ್ತ ತುಂಬಿದ ಮೇಲೆ ತಕ್ಕಡಿ 585 ಗ್ರಾಂ ತೋರಿಸಿತು. ಕಳೆದರೆ ರಕ್ತದ ತೂಕ 475 ಗ್ರಾಂ. ಇಲ್ಲೇ ಒಂದು ಬಲೆ ಇದೆ. 475 ಎಂಬುದು 473ಕ್ಕೆ ಎಷ್ಟು ಹತ್ತಿರವೆಂದರೆ, ‘ಸರಿಯಾಗಿ ಒಂದು ಪಿಂಟ್ ಬಂತು’ ಎಂದು ಹೇಳಿಬಿಡಲು ಯಾರಿಗಾದರೂ ಮನಸ್ಸಾಗುತ್ತದೆ. ಆದರೆ 475 ಎಂಬುದು ಗ್ರಾಂ. 1.06ರಿಂದ ಭಾಗಿಸಿದರೆ 448 ಮಿ.ಲೀ. ಅದು ಅಮೆರಿಕದ ಪಿಂಟಿನಲ್ಲಿ 0.95, ಬ್ರಿಟನ್ನಿನದರಲ್ಲಿ 0.79. ಚೀಲ 450ರದು, ಮಿತಿಯೊಳಗೇ ಇದೆ, ಎಲ್ಲ ಸರಿಯಾಗಿದೆ. ಪಿಂಟ್ ಎಂಬುದು ಮಾತ್ರ ಹೊಂದಲಿಲ್ಲ. ಗ್ರಾಮನ್ನು ಮಿಲಿಲೀಟರ್ ಎಂದು ಓದಿಕೊಂಡಾಗ ಆಗುವ ಈ ಆರು ಪ್ರತಿಶತದ ತಪ್ಪು, ಚೀಲದ ಹತ್ತು ಪ್ರತಿಶತದ ಸಲಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿಂದುಹಾಕುತ್ತದೆ.

ಇನ್ನು ದಾನಿಯ ಕಡೆಯಿಂದ ನೋಡಬೇಕು. ನಮ್ಮ ದೇಶದ ನಿಯಮದಲ್ಲಿ ಪಿಂಟಿನ ಮಾತೇ ಇಲ್ಲ. 45ರಿಂದ 55 ಕೆ.ಜಿ. ತೂಕದವರಿಂದ 350 ಮಿ.ಲೀ., ಅದಕ್ಕಿಂತ ಹೆಚ್ಚು ತೂಕದವರಿಂದ 450 ಮಿ.ಲೀ. ಕಿಲೋಗ್ರಾಮಿಗೆ ಇಷ್ಟು ಎಂಬ ಲೆಕ್ಕ ಇದರ ಹಿಂದಿದೆ: 45 ಕೆ.ಜಿ.ಯವರಿಗೆ 350 ಎಂದರೆ ಕಿಲೋಗೆ 7.8 ಮಿ.ಲೀ., 55 ಕೆ.ಜಿ. ದಾಟಿದವರಿಗೆ 450 ಎಂದರೆ ಹೆಚ್ಚೆಂದರೆ 8.2. ಅಮೆರಿಕದಲ್ಲಿ ಮಿತಿ ಕಿಲೋಗೆ 10.5 ಮಿ.ಲೀ.; ಪರೀಕ್ಷೆಗೆಂದು ಸಣ್ಣ ಟ್ಯೂಬುಗಳಲ್ಲಿ ತೆಗೆಯುವ ರಕ್ತವೂ ಅದರಲ್ಲೇ ಸೇರಬೇಕು. ಅಲ್ಲಿ ದಾನಿ ಕನಿಷ್ಠ 110 ಪೌಂಡ್, ಅಂದರೆ ಸುಮಾರು 50 ಕೆ.ಜಿ. ಇರಬೇಕು. ಐವತ್ತನ್ನು ಹತ್ತೂವರೆಯಿಂದ ಗುಣಿಸಿದರೆ 525; ಚೀಲಕ್ಕೆ 500, ಟ್ಯೂಬುಗಳಿಗೆ 25. ಅವರ ತೂಕದ ನಿಯಮವೂ ಚೀಲವೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿವೆ.

ಹಾಗಾದರೆ ಧಾರವಾಡದಲ್ಲಿ 48 ಕೆ.ಜಿ. ತೂಗುವ ಒಬ್ಬ ಹೆಣ್ಣುಮಗಳು ವಿದೇಶದ ಕರಪತ್ರವೊಂದನ್ನು ಓದಿ ‘ನಾನೂ ಒಂದು ಪಿಂಟ್ ಕೊಡಬೇಕೇ’ ಎಂದು ಕೇಳಿದರೆ ಉತ್ತರ ಏನು? ಇಲ್ಲಿ ಅವರಿಂದ ತೆಗೆಯುವುದು 350 ಮಿ.ಲೀ., ಕಿಲೋಗೆ 7.3. ಅಮೆರಿಕದ ಪಿಂಟಿನಲ್ಲಿ ಅದು 0.74, ಬ್ರಿಟನ್ನಿನ ಪಿಂಟಿನಲ್ಲಿ 0.62. ಅವರಿಂದ 473 ತೆಗೆದರೆ ಕಿಲೋಗೆ 9.9, ನಮ್ಮ ನಿಯಮ ಒಪ್ಪದ ಪ್ರಮಾಣ. 568 ತೆಗೆದರೆ 11.8, ಅಮೆರಿಕದ ಮಿತಿಯನ್ನೂ ಮೀರಿದಂತೆ. ಶಿಬಿರಕ್ಕೆ ಹೋದಾಗ ಇವರು ಕೇಳಬೇಕಾದದ್ದು ‘ಯಾವ ಚೀಲ ಹಾಕುತ್ತಿದ್ದೀರಿ, 350ರದೋ 450ರದೋ’ ಎಂದು. ಅಳತೆ ಚೀಲದ ಮೇಲೇ ಅಚ್ಚಾಗಿರುತ್ತದೆ. ತೂಕ ಬರೆಸುವಾಗ ಅಂದಾಜಿನ ಮೇಲೆ ಹೇಳದೆ ತಕ್ಕಡಿ ಹತ್ತಿ ನಿಂತೇ ಬರೆಸುವುದು ಒಳ್ಳೆಯದು, ಏಕೆಂದರೆ ಚೀಲ ಆರಿಸುವುದು ಆ ಅಂಕಿಯ ಮೇಲೆ.

ಅಮೆರಿಕದಲ್ಲಿರುವ ಕನ್ನಡಿಗರು ಕೆಲವರು ‘ನಾನು ಮೂರು ಗ್ಯಾಲನ್ ದಾನಿ’ ಎಂದು ಸಂತೋಷದಿಂದ ಹೇಳಿಕೊಳ್ಳುವುದುಂಟು. ಎಂಟು ಸಲ ಕೊಟ್ಟವರಿಗೆ ಅಲ್ಲಿ ಒಂದು ಗ್ಯಾಲನ್ನಿನ ಪಿನ್ನು ಕೊಡುವ ರೂಢಿಯಿದೆ. ಮೂರು ಗ್ಯಾಲನ್ ಎಂದರೆ ಇಪ್ಪತ್ನಾಲ್ಕು ದಾನ. ಅಳತೆಯೆಂದು ಗುಣಿಸಿದರೆ 11.4 ಲೀಟರ್ ಬರುತ್ತದೆ. ಆದರೆ ಪ್ರತಿ ಸಲ 500ರ ಚೀಲ ಬಳಸಿದ್ದರೆ 12 ಲೀಟರ್, 450ರದಾಗಿದ್ದರೆ 10.8 ಲೀಟರ್. ಮೈಸೂರಿನಲ್ಲಿ 350ರ ಚೀಲದಲ್ಲಿ ಇಪ್ಪತ್ನಾಲ್ಕು ಸಲ ಕೊಟ್ಟ ಅವರ ಅಕ್ಕನದು 8.4 ಲೀಟರ್. ಅಣ್ಣತಮ್ಮಂದಿರು ಲೀಟರಿನಲ್ಲಿ ಹೋಲಿಸಿ ನೋಡುವುದಕ್ಕಿಂತ ಎಷ್ಟು ಸಲ ಕೊಟ್ಟೆವು ಎಂದು ಎಣಿಸುವುದೇ ನ್ಯಾಯ. ಪಿನ್ನು ಎಣಿಸುತ್ತಿರುವುದೂ ಅದನ್ನೇ.

ಕೊನೆಯದಾಗಿ ರೋಗಿಯ ಕಡೆಯ ಮಾತು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಕಾಗದದಲ್ಲಿ ‘ಎರಡು ಯೂನಿಟ್ ರಕ್ತ ಕೊಡಲಾಗಿದೆ’ ಎಂದಿದ್ದರೆ, ಅದನ್ನು ವಿದೇಶದ ವೈದ್ಯರಿಗೆ ತೋರಿಸುವಾಗ ಎರಡು ಪಿಂಟ್ ಎಂದು ಬದಲಿಸಿ ಹೇಳಬಾರದು. ಈಗ ಹೆಚ್ಚಾಗಿ ಕೊಡುವುದು ಇಡೀ ರಕ್ತವನ್ನಲ್ಲ, ಕೆಂಪು ಕಣಗಳ ಚೀಲವನ್ನು. ದಾನಿಯಿಂದ ಬಂದ 450 ಮಿ.ಲೀ. ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿದಾಗ ಭಾರವಾದ ಕೆಂಪು ಕಣಗಳು ಕೆಳಗೆ ಇಳಿಯುತ್ತವೆ, ಮೇಲೆ ನಿಂತ ಪ್ಲಾಸ್ಮಾವನ್ನು ಬೇರೆ ಚೀಲಕ್ಕೆ ಹಿಂಡಿ ತೆಗೆಯುತ್ತಾರೆ. ಆಮೇಲೆ ಕೆಂಪು ಕಣಗಳಿಗೆ ಅವುಗಳನ್ನು ಕಾಪಾಡುವ ಇನ್ನೊಂದು ದ್ರಾವಣವನ್ನು, 450ರ ಚೀಲಕ್ಕಾದರೆ ಸುಮಾರು 100 ಮಿ.ಲೀ., ಸೇರಿಸುತ್ತಾರೆ. ಹೀಗೆ ತಯಾರಾದ ಚೀಲದಲ್ಲಿ 300 ಮಿ.ಲೀ. ಆಸುಪಾಸು ಇರುತ್ತದೆ, ಆದರೆ ಆ ದಾನಿಯ ಕೆಂಪು ಕಣಗಳು ಹೆಚ್ಚುಕಡಿಮೆ ಎಲ್ಲವೂ ಅದರಲ್ಲೇ ಇರುತ್ತವೆ. ಒಂದು ಯೂನಿಟ್ ಕೊಟ್ಟರೆ ಹಿಮೊಗ್ಲೋಬಿನ್ ಒಂದು ಗ್ರಾಂ ಏರುತ್ತದೆ ಎಂದು ವೈದ್ಯರು ಹೇಳುವ ಅಂದಾಜು 450–500ರ ದಾನದಿಂದ ಮಾಡಿದ ಚೀಲಕ್ಕೆ ಸಲ್ಲುವಂಥದ್ದು. 350ರ ದಾನದಿಂದ ಬಂದದ್ದಾದರೆ ಕಣಗಳೂ ಆ ಪ್ರಮಾಣದಲ್ಲೇ ಕಡಿಮೆ, ಏರಿಕೆಯೂ ಕಡಿಮೆ. ಹಾಗಾಗಿ ಎರಡು ಯೂನಿಟ್ ಹಾಕಿಯೂ ಹಿಮೊಗ್ಲೋಬಿನ್ ಒಂದೂವರೆ ಗ್ರಾಂ ಮಾತ್ರ ಏರಿದರೆ, ಬೇರೆ ಕಾರಣ ಹುಡುಕುವ ಮೊದಲು ಅವು ಯಾವ ಅಳತೆಯ ಚೀಲಗಳು ಎಂದು ರಕ್ತನಿಧಿಯ ದಾಖಲೆಯಲ್ಲಿ ಒಮ್ಮೆ ನೋಡಿಸಬಹುದು. ಪ್ರತಿ ಚೀಲದ ಸಂಖ್ಯೆಯ ಎದುರು ಮಿಲಿಲೀಟರಿನ ಲೆಕ್ಕವನ್ನು ಅಲ್ಲಿ ಬರೆದಿಟ್ಟಿರುತ್ತಾರೆ.